ನಾಲ್ಕು ಜನಕ್ಕೆ ಬರೆದ ಇಮೇಲ್ ಒಂದೇ ಮೇಜಿನ ಮೇಲೆ ಬಿದ್ದಾಗ

ಇಮೇಲ್ ಬರೆದು ಮಾರುವ ಕೆಲಸದವರ ಮುಂದೆ ನಾನು ಆಡಿದ ಮಾತಿನ ಬರಹರೂಪ ಇದು. ಕೆಲವು ವರ್ಷಗಳ ಹಿಂದೆ ನನಗೆ ಬಂದ ಒಂದು ಉತ್ತರದಿಂದ ಶುರು ಮಾಡುತ್ತೇನೆ.

ಆಗ ನಾನು ಒಂದು ಸಾಫ್ಟ್‌ವೇರ್ ಮಾರುತ್ತಿದ್ದೆ. ಒಂದೇ ಕಂಪನಿಯ ಮೂರು ಜನಕ್ಕೆ ಇಮೇಲ್ ಬರೆದಿದ್ದೆ. ಹೆಸರು ಬೇರೆ, ಹುದ್ದೆ ಬೇರೆ, ಮೊದಲ ಸಾಲು ಬೇರೆ. ಎರಡನೇ ಪ್ಯಾರಾದಲ್ಲಿ ಮಾತ್ರ ಒಂದು ಸಾಲು ಮೂರರಲ್ಲೂ ಹಾಗೇ ಉಳಿದುಬಿಟ್ಟಿತ್ತು: "ನಿಮ್ಮ ಕಂಪನಿಯಲ್ಲಿ ಈ ವಿಷಯ ಮಾತಾಡಲು ನೀವೇ ಸರಿಯಾದವರು ಅನ್ನಿಸಿತು." ಎರಡು ದಿನ ಬಿಟ್ಟು ಉತ್ತರ ಬಂತು. ಮೂರೂ ಇಮೇಲನ್ನು ಒಂದರ ಕೆಳಗೊಂದು ಅಂಟಿಸಿ, ಆ ಸಾಲಿಗೆ ಮೂರು ಕಡೆ ಹಳದಿ ಬಣ್ಣ ಹಾಕಿದ್ದರು. ಮೇಲೆ ಹೀಗೆ ಬರೆದಿದ್ದರು: "ನಮ್ಮ ಮೂವರಲ್ಲಿ ಸರಿಯಾದವರು ಯಾರು ಅಂತ ನೀವೇ ತೀರ್ಮಾನಿಸಿ ತಿಳಿಸಿ. ಅಲ್ಲಿವರೆಗೆ ಕಾಯುತ್ತೇವೆ."

ನೀವು ಈಗ ನಗುತ್ತಿದ್ದೀರಿ. ಅವತ್ತು ನನಗೆ ನಗು ಬರಲಿಲ್ಲ.

ನನ್ನ ತಪ್ಪು ಏನು? ಮೂರು ಜನಕ್ಕೆ ಬರೆದದ್ದು ತಪ್ಪಲ್ಲ. ಕಂಪನಿಯೊಂದು ಏನಾದರೂ ಕೊಳ್ಳುವಾಗ ಬಳಸುವವರು ಒಬ್ಬರು, ದುಡ್ಡಿಗೆ ಸಹಿ ಹಾಕುವವರು ಒಬ್ಬರು, ಬೇಡ ಅನ್ನುವ ಅಧಿಕಾರ ಇರುವವರು ಇನ್ನೊಬ್ಬರು. ಒಬ್ಬರಿಗೇ ಬರೆದು ಕೂತರೆ, ಅವರು ರಜೆಗೆ ಹೋದ ದಿನ ನಿಮ್ಮ ಮಾತೂ ರಜೆಗೆ ಹೋಗುತ್ತದೆ. ಹಾಗಾಗಿ ಮೂರು ಜನ ಸರಿ. ತಪ್ಪು ಇದ್ದದ್ದು ಆ ಸಾಲಿನಲ್ಲಿ. ಒಬ್ಬರೇ ಓದಿದರೆ ಅದು ನಿಜ. ಮೂವರೂ ಕೂತು ಓದಿದರೆ ಸುಳ್ಳು. ಇವತ್ತಿನ ಮಾತೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ಇರುತ್ತದೆ.

ಮೊದಲು, ಅವರು ಹೋಲಿಸುವುದು ಹೇಗೆ ಅಂತ ನೋಡೋಣ. ಯಾರೂ ನಿಮ್ಮ ಇಮೇಲನ್ನು ತನಿಖೆ ಮಾಡಲು ಕೂರುವುದಿಲ್ಲ. ಒಬ್ಬರು "ಇದು ನಿಮ್ಮ ವಿಭಾಗಕ್ಕೆ ಸಂಬಂಧಪಟ್ಟದ್ದು" ಅಂತ ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುತ್ತಾರೆ. ಅವರು "ಅರೆ, ನನಗೂ ಬಂದಿದೆಯಲ್ಲ" ಅನ್ನುತ್ತಾರೆ. ಅಷ್ಟೇ. ಫಾರ್ವರ್ಡ್ ಆದ ಇಮೇಲಿನ ಮೇಲ್ಭಾಗದಲ್ಲಿ ಕಳಿಸಿದವರು, ಪಡೆದವರು, ಸಬ್ಜೆಕ್ಟ್, ದಿನಾಂಕ, ಸಮಯ ಎಲ್ಲ ಸಾಮಾನ್ಯವಾಗಿ ಹಾಗೇ ಬಂದಿರುತ್ತದೆ. ಒಂದರಲ್ಲಿ 9:00, ಇನ್ನೊಂದರಲ್ಲೂ 9:00, ಮೂರನೆಯದರಲ್ಲಿ 9:01. ಓದುವ ಮೊದಲೇ ಇದು ಮೆಷಿನ್ನಿನಿಂದ ಬಂದದ್ದು ಅಂತ ಗೊತ್ತಾಗಿರುತ್ತದೆ. ಆಮೇಲೆ ನೀವು ಒಳಗೆ ಎಷ್ಟು ಆಪ್ತವಾಗಿ ಬರೆದಿದ್ದರೂ ಅದು ನಾಟಕದ ಹಾಗೆ ಕಾಣುತ್ತದೆ.

ಇದನ್ನು ಹೇಳಿದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಅಂದರೆ ಪದ ಬದಲಿಸುವುದು. "ಸಮಯ ಉಳಿಸುತ್ತದೆ" ಅಂತ ಒಬ್ಬರಿಗೆ, "ಕೆಲಸ ಬೇಗ ಮುಗಿಯುತ್ತದೆ" ಅಂತ ಇನ್ನೊಬ್ಬರಿಗೆ. ಪ್ಯಾರಾಗಳನ್ನು ಮೇಲೆ ಕೆಳಗೆ ಮಾಡುವುದು. ಸಬ್ಜೆಕ್ಟ್ ಬೇರೆ ಕೊಡುವುದು. ನಾನೂ ಆ ಹಳದಿ ಬಣ್ಣದ ಉತ್ತರ ಬಂದ ಮೇಲೆ ಕೆಲವು ತಿಂಗಳು ಇದನ್ನೇ ಮಾಡಿದೆ. ಇದು ಮೊದಲಿನದಕ್ಕಿಂತ ಕೆಟ್ಟದು. ಒಂದೇ ಇಮೇಲ್ ಮೂವರಿಗೆ ಕಳಿಸಿದರೆ ಓದುವವರು ಸೋಮಾರಿ ಅಂದುಕೊಳ್ಳುತ್ತಾರೆ. ಒಂದೇ ಇಮೇಲಿಗೆ ಮೂರು ವೇಷ ಹಾಕಿಸಿದರೆ ಮುಚ್ಚಿಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಸೋಮಾರಿಯ ಜತೆ ವ್ಯವಹಾರ ಮಾಡಬಹುದು, ಮುಚ್ಚಿಡುವವನ ಜತೆ ಕಷ್ಟ.

ಹಾಗಾದರೆ ಏನು ಬೇರೆ ಇರಬೇಕು, ಏನು ಒಂದೇ ಇರಬೇಕು? ಒಂದು ಉದಾಹರಣೆ ಹಿಡಿದು ಕೊನೆವರೆಗೂ ಹೋಗೋಣ. ಇದು ಪಾಠಕ್ಕಾಗಿ ಜೋಡಿಸಿದ್ದು. ಆದರೆ ಇದರ ಒಂದೊಂದು ತುಂಡೂ ನನ್ನ ಕೆಲಸದಲ್ಲಿ ಆದದ್ದೇ.

ನೀವು ಮಾರುವುದು ಬಿಲ್ ತಾಳೆ ನೋಡುವ ಸಾಫ್ಟ್‌ವೇರ್ ಅಂದುಕೊಳ್ಳಿ. ಮಾಲು ಕಳಿಸಿದವರ ಇನ್‌ವಾಯ್ಸ್ ಬಂದಾಗ, ಅದನ್ನು ನಾವು ಕೊಟ್ಟ ಪರ್ಚೇಸ್ ಆರ್ಡರ್ ಜತೆಗೂ, ಮಾಲು ಬಂದಾಗ ಎಷ್ಟು ಬಂತು ಅಂತ ಗೋಡೌನ್‌ನಲ್ಲಿ ಮಾಡಿದ ದಾಖಲೆ, ಅಂದರೆ ಜಿಆರ್‌ಎನ್ ಜತೆಗೂ ಹೋಲಿಸಬೇಕು. ಮೂರೂ ಕೂಡಿದರೆ ದುಡ್ಡು ಹೋಗುತ್ತದೆ. ದರ ಬೇರೆ, ಸಂಖ್ಯೆ ಬೇರೆ, ಆರ್ಡರ್ ನಂಬರೇ ಇಲ್ಲ, ಹೀಗೆ ಏನಾದರೂ ಆದರೆ ಬಿಲ್ ನಿಲ್ಲುತ್ತದೆ. ಯಾರಾದರೂ ಕೂತು ಬಿಡಿಸಬೇಕು.

ಈ ಕಂಪನಿಯಲ್ಲಿ ನೀವು ನಾಲ್ಕು ಜನರನ್ನು ಗುರುತಿಸಿದ್ದೀರಿ. ಅಕೌಂಟ್ಸ್ ಮ್ಯಾನೇಜರ್, ನಿಂತ ಬಿಲ್‌ಗಳ ರಾಶಿ ಅವರ ಮುಂದಿದೆ. ಪರ್ಚೇಸ್ ಹೆಡ್, "ನಮ್ಮ ದುಡ್ಡು ಎಲ್ಲಿ" ಅಂತ ಸಪ್ಲೈಯರ್‌ಗಳು ಫೋನ್ ಮಾಡುವುದು ಅವರಿಗೆ. ಐಟಿ ಹೆಡ್, ಹೊಸ ಸಾಫ್ಟ್‌ವೇರ್ ಕಂಪನಿಯ ಖರೀದಿ, ಲೆಕ್ಕ ಎಲ್ಲ ಇರುವ ಇಆರ್‌ಪಿ ವ್ಯವಸ್ಥೆಯಿಂದ ಏನನ್ನು ಓದುತ್ತದೆ, ಅದರೊಳಗೆ ಏನನ್ನು ಬರೆಯುತ್ತದೆ ಅನ್ನುವ ಚಿಂತೆ ಅವರದು. ಕೊನೆಗೆ ಸಿಎಫ್‌ಒ, ಅಂದರೆ ಕಂಪನಿಯ ಹಣಕಾಸಿನ ಮುಖ್ಯಸ್ಥರು. ಮಾಲು ಬಂದಿದೆ, ಬಿಲ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಅಂಥವಕ್ಕೆ ತಿಂಗಳ ಕೊನೆಗೆ ಅಂದಾಜು ಎಂಟ್ರಿ ಹಾಕಿಸುವುದು ಅವರ ತಲೆನೋವು.

ನೋಡಿ, ಬಿಲ್ ಒಂದೇ. ನಾಲ್ಕು ಜನಕ್ಕೆ ಅದು ನಾಲ್ಕು ಥರ ಕಾಣುತ್ತದೆ. ಇಮೇಲುಗಳ ನಡುವಿನ ವ್ಯತ್ಯಾಸ ಇಲ್ಲಿಂದ ಬರಬೇಕು, ನಿಘಂಟಿನಿಂದಲ್ಲ. ನನ್ನ ರೂಢಿ ಏನೆಂದರೆ, ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ ಬರೆದುಕೊಳ್ಳುತ್ತೇನೆ. ಅದಕ್ಕೆ ಅವರು ಮಾತ್ರ ಉತ್ತರ ಕೊಡಲು ಆಗಬೇಕು. ಪಕ್ಕದ ವಿಭಾಗದವರೂ ಉತ್ತರಿಸಬಹುದಾದ ಪ್ರಶ್ನೆ ಆದರೆ ಇನ್ನೂ ಸರಿಯಾಗಿಲ್ಲ ಅಂತ ಅರ್ಥ. ಪ್ರಶ್ನೆಯೇ ಸಿಗದಿದ್ದರೆ? ಆಗ ಆ ವ್ಯಕ್ತಿಗೆ ಬರೆಯುವ ಕಾರಣವೇ ಇಲ್ಲ. ಪಟ್ಟಿಯಿಂದ ತೆಗೆದುಬಿಡುತ್ತೇನೆ. ಎಷ್ಟೋ ಸಲ ಆರು ಜನರ ಪಟ್ಟಿ ಮೂರಕ್ಕೆ ಇಳಿಯುವುದು ಈ ಹಂತದಲ್ಲೇ.

ಅಕೌಂಟ್ಸ್ ಮ್ಯಾನೇಜರ್‌ಗೆ ಬರೆದದ್ದು ಹೀಗಿರಬಹುದು:

"ನಮಸ್ಕಾರ ಮೇಡಂ. ನಿಮ್ಮ ಕಂಪನಿಯ ಕೆಲಸದ ಜಾಹೀರಾತು ನೋಡಿದೆ. ಆರ್ಡರ್ ನಂಬರ್ ಇಲ್ಲದ ಇನ್‌ವಾಯ್ಸ್‌ಗಳನ್ನು ಬಿಡಿಸುವುದು ಆ ಹುದ್ದೆಯ ಮುಖ್ಯ ಕೆಲಸ ಅಂತ ಅದರಲ್ಲಿತ್ತು. ಇನ್‌ವಾಯ್ಸ್, ಪರ್ಚೇಸ್ ಆರ್ಡರ್, ಜಿಆರ್‌ಎನ್ ಮೂರನ್ನೂ ತಾಳೆ ನೋಡುವ ಸಾಫ್ಟ್‌ವೇರ್ ನಮ್ಮದು. ನಿಮ್ಮಲ್ಲಿ ಬಿಲ್ ನಿಲ್ಲುವುದು ಹೆಚ್ಚಾಗಿ ಯಾವ ಕಾರಣಕ್ಕೆ? ಆರ್ಡರ್ ನಂಬರ್ ಇಲ್ಲದ್ದಕ್ಕೋ, ದರ ಬೇರೆ ಇದ್ದದ್ದಕ್ಕೋ, ಜಿಆರ್‌ಎನ್ ತಡವಾದದ್ದಕ್ಕೋ? ಮೊದಲನೆಯದಾದರೆ ನಮ್ಮಿಂದ ಉಪಯೋಗ ಕಡಿಮೆ, ಉಳಿದ ಎರಡಾದರೆ ತೋರಿಸಲು ಇದೆ. ಸಪ್ಲೈಯರ್‌ಗಳ ವಿಚಾರ ಕೇಳಿ ಗುರುವಾರ ಪರ್ಚೇಸ್ ಹೆಡ್ ಅವರಿಗೂ ಬರೆಯಲಿದ್ದೇನೆ."

ಗುರುವಾರ ಪರ್ಚೇಸ್ ಹೆಡ್‌ಗೆ:

"ನಮಸ್ಕಾರ ಸರ್. ನಿಮ್ಮ ಕಂಪನಿಯ ಅಕೌಂಟ್ಸ್ ಹುದ್ದೆಯ ಜಾಹೀರಾತು ನೋಡಿ ಮಂಗಳವಾರ ಅಕೌಂಟ್ಸ್ ಮ್ಯಾನೇಜರ್ ಅವರಿಗೆ ಬರೆದಿದ್ದೆ. ಇನ್‌ವಾಯ್ಸ್, ಪರ್ಚೇಸ್ ಆರ್ಡರ್, ಜಿಆರ್‌ಎನ್ ಮೂರನ್ನೂ ತಾಳೆ ನೋಡುವ ಸಾಫ್ಟ್‌ವೇರ್ ನಮ್ಮದು. ನಿಮಗೆ ಕೇಳಬೇಕಾದದ್ದು ಬೇರೆ. ಬಿಲ್ ಎಲ್ಲಿದೆ ಅಂತ ಸಪ್ಲೈಯರ್ ಕೇಳಿದಾಗ ನಿಮ್ಮ ತಂಡಕ್ಕೆ ಅದು ಅಲ್ಲೇ ಕಾಣುತ್ತದೆಯೋ, ಅಕೌಂಟ್ಸ್ ಅವರನ್ನು ಕೇಳಿ ಹೇಳಬೇಕೋ?"

ಈಗ ಇವೆರಡನ್ನೂ ಅಕ್ಕಪಕ್ಕ ಇಡಿ. ಸಾಫ್ಟ್‌ವೇರ್ ಏನು ಅನ್ನುವ ಸಾಲು ಎರಡರಲ್ಲೂ ಅಕ್ಷರಶಃ ಒಂದೇ. ಬೇಕಂತಲೇ ಹಾಗೆ ಇಟ್ಟಿದ್ದೇನೆ. ನಾನು ಯಾರು, ನಮ್ಮದು ಏನು ಮಾಡುತ್ತದೆ, ಈ ಕಂಪನಿಗೇ ಯಾಕೆ ಬರೆಯುತ್ತಿದ್ದೇನೆ, ಇವು ಸಂಗತಿಗಳು. ಸಂಗತಿ ಒಬ್ಬೊಬ್ಬರಿಗೂ ಬೇರೆ ಆಗಲು ಸಾಧ್ಯವಿಲ್ಲ. ಅದನ್ನು ಬೇರೆ ಪದದಲ್ಲಿ ಹೇಳಿದರೆ, ಎರಡೂ ಒಂದೇನಾ ಬೇರೆಯಾ ಅಂತ ಹೋಲಿಸುವವರಿಗೆ ಅನುಮಾನ ಶುರುವಾಗುತ್ತದೆ. ಬೇರೆ ಇರುವುದು ಪ್ರಶ್ನೆ. ಇಬ್ಬರೂ ಕೂತು ಓದಿದರೆ "ನಿಮಗೂ ಕಳಿಸಿದ್ದಾನಾ" ಅನ್ನುವುದಿಲ್ಲ. ಯಾಕೆಂದರೆ ಕಳಿಸಿದ್ದೇನೆ ಅಂತ ನಾನೇ ಹೇಳಿದ್ದೇನೆ. "ನಿಮಗೆ ಏನು ಕೇಳಿದ" ಅನ್ನುತ್ತಾರೆ. ನನಗೆ ಬೇಕಾದದ್ದೂ ಆ ಮಾತುಕತೆಯೇ.

ಕೆಲವರು ಇಲ್ಲಿ ತಡೆಯುತ್ತಾರೆ. ಇನ್ನೊಬ್ಬರಿಗೆ ಬರೆದದ್ದನ್ನು ಹೇಳಿದರೆ "ಅವರೇ ಉತ್ತರ ಕೊಡಲಿ" ಅಂತ ಇಬ್ಬರೂ ಸುಮ್ನೆ ಇರುವುದಿಲ್ವಾ? ಪ್ರಶ್ನೆ ಒಂದೇ ಆಗಿದ್ದರೆ ಖಂಡಿತ ಹಾಗೇ ಆಗುತ್ತದೆ. ಇಬ್ಬರನ್ನೂ ಒಂದೇ ಇಮೇಲಿನಲ್ಲಿ ಸೇರಿಸಿ ಕಳಿಸಿದಾಗ ಆಗುವುದೂ ಇದೇ. ಪ್ರಶ್ನೆ ಬೇರೆ ಇದ್ದಾಗ ಅಕೌಂಟ್ಸ್ ಅವರ ಪರವಾಗಿ ಪರ್ಚೇಸ್ ಅವರು ಉತ್ತರ ಕೊಡಲು ಆಗುವುದಿಲ್ಲ. ಹಾಗಾಗಿ ಈ ತೊಂದರೆ ತೀರಾ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಹೇಳುವುದರಲ್ಲೂ ಒಂದು ಗೆರೆ ಇದೆ. "ಪರ್ಚೇಸ್ ಹೆಡ್‌ಗೂ ಬರೆದಿದ್ದೇನೆ" ಅನ್ನುವುದು ಮಾಹಿತಿ. "ಪರ್ಚೇಸ್ ಹೆಡ್ ಆಸಕ್ತಿ ತೋರಿಸಿದ್ದಾರೆ" ಅನ್ನುವುದು ಒತ್ತಡ. ಅವರು ಬರೆದು ಹೇಳಿದ್ದರೆ ಮಾತ್ರ, ಅದೂ ಅವರನ್ನು ಕೇಳಿಕೊಂಡು, ಹಾಗೆ ಬರೆಯಬಹುದು. ಇಮೇಲ್ ನಾಲ್ಕು ಸಲ ಓಪನ್ ಆಗಿದೆ ಅಂತ, ಇಮೇಲುಗಳನ್ನು ತಾನೇ ಕಳಿಸಿ ಲೆಕ್ಕ ಇಡುವ ಟೂಲ್ ತೋರಿಸಿದ್ದನ್ನು ಆಸಕ್ತಿ ಅಂತ ಬರೆದವರನ್ನು ನೋಡಿದ್ದೇನೆ. ಓಪನ್ ಲೆಕ್ಕ ನಿಂತಿರುವುದು ಇಮೇಲಿನ ಒಳಗೆ ಅಡಗಿಸಿದ ಒಂದು ಪುಟ್ಟ ಚಿತ್ರದ ಮೇಲೆ. ಆ ಚಿತ್ರ ಲೋಡ್ ಆದರೆ ಓಪನ್ ಅಂತ ಎಣಿಕೆ. ಆ್ಯಪಲ್ ಮೇಲ್‌ನಲ್ಲಿ 2021ರಿಂದ ಇರುವ ಪ್ರೈವಸಿ ವ್ಯವಸ್ಥೆಯನ್ನು ಆನ್ ಮಾಡಿಕೊಂಡಿದ್ದರೆ, ಓದುವವರು ತೆರೆಯದಿದ್ದರೂ ಚಿತ್ರ ಲೋಡ್ ಆಗುತ್ತದೆ. ಕೆಲವು ಕಂಪನಿಗಳ ಸೆಕ್ಯುರಿಟಿ ಸ್ಕ್ಯಾನರ್‌ಗಳು ಇಮೇಲಿನ ಚಿತ್ರ, ಲಿಂಕ್‌ಗಳನ್ನು ತಾವೇ ತೆರೆದು ನೋಡುತ್ತವೆ. ಫಾರ್ವರ್ಡ್ ಮಾಡಿದಾಗ ಬೇರೆಯವರು ಓದಿದ್ದೂ ಮೊದಲಿನವರ ಹೆಸರಿಗೇ ಬೀಳುತ್ತದೆ. ಇದನ್ನು ನಂಬಿ "ನಿಮ್ಮ ಪರ್ಚೇಸ್ ಹೆಡ್‌ಗೆ ಇಷ್ಟವಾಗಿದೆ" ಅಂತ ಬರೆದಿರಿ ಅಂತಿಟ್ಟುಕೊಳ್ಳಿ. ಅಕೌಂಟ್ಸ್ ಮ್ಯಾನೇಜರ್ ಎದ್ದು ಹೋಗಿ ಅವರನ್ನೇ ಕೇಳುತ್ತಾರೆ. "ಯಾವ ಇಮೇಲು?" ಅಂತಾರೆ ಅವರು. ನಿಮ್ಮ ಕಥೆ ಅಲ್ಲಿಗೆ ಮುಗಿಯಿತು.

ಇಲ್ಲಿವರೆಗೆ ಹೇಳಿದ್ದು ಒಂದೇ ಥರ ಇದ್ದಾಗ ಆಗುವ ಮುಜುಗರ. ಇದಕ್ಕಿಂತ ಆಳದ್ದು ಇನ್ನೊಂದಿದೆ. ಒಬ್ಬೊಬ್ಬರ ಮನಸ್ಸಿಗೆ ಹಿಡಿಸುವ ಹಾಗೆ ಬರೆಯಲು ಹೋಗಿ, ನಮಗೆ ಗೊತ್ತಿಲ್ಲದೆ ಚಾಡಿ ಹೇಳಿಬಿಡುತ್ತೇವೆ.

ನಮ್ಮ ಉದಾಹರಣೆಯಲ್ಲೇ ನೋಡಿ. ಬಿಲ್ ನಿಂತಾಗ, ಪರ್ಚೇಸ್‌ನವರು ಆರ್ಡರ್ ಸರಿಯಾಗಿ ಹಾಕುವುದಿಲ್ಲ ಅಂತ ಅಕೌಂಟ್ಸ್‌ನವರು ಹೇಳುತ್ತಾರೆ. ಅಕೌಂಟ್ಸ್‌ನವರು ಬಿಲ್ ಮೇಲೆ ಕೂತಿದ್ದಾರೆ ಅಂತ ಪರ್ಚೇಸ್‌ನವರು ಹೇಳುತ್ತಾರೆ. ಈ ಜಗಳ ಗೊತ್ತಿರುವ ಮಾರಾಟಗಾರ ಅಕೌಂಟ್ಸ್‌ಗೆ ಬರೆಯುತ್ತಾನೆ: "ಬೇರೆ ವಿಭಾಗದವರ ತಪ್ಪಿಗೆ ನಿಮ್ಮ ತಂಡ ಒದ್ದಾಡಬೇಕಾಗುತ್ತದೆ, ಅಲ್ವಾ?" ಪರ್ಚೇಸ್‌ಗೆ ಬರೆಯುತ್ತಾನೆ: "ಅಕೌಂಟ್ಸ್‌ನಲ್ಲಿ ತಡವಾದರೆ ಸಪ್ಲೈಯರ್ ಮುಂದೆ ನಿಮ್ಮ ಮಾತು ಹೋಗುತ್ತದೆ." ಎರಡೂ ಸಾಲು ಓದಲು ಚೆನ್ನಾಗಿವೆ. ಓದಿದವರು "ಹೌದಪ್ಪ" ಅನ್ನುತ್ತಾರೆ. ಅಕ್ಕಪಕ್ಕ ಇಟ್ಟ ಕ್ಷಣ ಆತ ಇಬ್ಬರ ಬೆನ್ನ ಹಿಂದೆಯೂ ಮಾತಾಡಿದವ. ಆ ಇಬ್ಬರ ನಡುವೆ ವರ್ಷಗಳ ಜಗಳ ಇರಬಹುದು. ಹೊರಗಿನವನೊಬ್ಬ ಅದರಲ್ಲಿ ಬೆಣೆ ಹಾಕಿದ ಅಂತ ಗೊತ್ತಾದಾಗ ಮಾತ್ರ ಇಬ್ಬರೂ ಒಂದಾಗುತ್ತಾರೆ.

ಇನ್ನೊಂದು, ಇದಕ್ಕಿಂತ ಸೂಕ್ಷ್ಮ. ಸಿಎಫ್‌ಒಗೆ "ಬಿಲ್ ತಾಳೆ ನೋಡಲು ಈಗ ಬೇಕಾದಷ್ಟು ಜನ ಬೇಕಾಗುವುದಿಲ್ಲ" ಅಂತ ಬರೆಯುತ್ತೀರಿ. ಅಕೌಂಟ್ಸ್ ಮ್ಯಾನೇಜರ್‌ಗೆ "ನಿಮ್ಮ ತಂಡಕ್ಕೆ ಮುಖ್ಯ ಕೆಲಸಕ್ಕೆ ಸಮಯ ಸಿಗುತ್ತದೆ" ಅಂತ ಬರೆಯುತ್ತೀರಿ. ಬರೆಯುವಾಗ ಎರಡೂ ಒಂದೇ ಲಾಭದ ಎರಡು ಮುಖ ಅಂತ ಅನ್ನಿಸುತ್ತದೆ. ಸಿಎಫ್‌ಒ ತಮ್ಮದನ್ನು ಅಕೌಂಟ್ಸ್‌ಗೆ ಫಾರ್ವರ್ಡ್ ಮಾಡುತ್ತಾರೆ, "ಇದೇನು ನೋಡಿ" ಅಂತ. ಅಕೌಂಟ್ಸ್ ಮ್ಯಾನೇಜರ್ ಓದುವುದು ತಮ್ಮ ತಂಡದ ಕೆಲಸ ಹೋಗುವ ಸುದ್ದಿ. ಅದೂ ತಮಗೆ ಸಿಹಿಯಾಗಿ ಬರೆದವನಿಂದಲೇ. ಅವರು ನಿಮಗೆ ಬೈಯುವುದಿಲ್ಲ. "ಪರಿಶೀಲಿಸಿದೆವು, ಸದ್ಯ ಬೇಡ" ಅಂತ ಮೇಲೆ ಹೇಳಿ ಮುಗಿಸುತ್ತಾರೆ. ಯಾಕೆ ಬೇಡವಾಯಿತು ಅಂತ ನಿಮಗೆ ಕೊನೆಗೂ ಗೊತ್ತಾಗುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ದಾರಿ ಒಂದು ಓದು. ಕಳಿಸುವ ಮೊದಲು ನಾಲ್ಕೂ ಇಮೇಲನ್ನು ಒಂದೇ ಪುಟದಲ್ಲಿ ಅಂಟಿಸುತ್ತೇನೆ. ಹೆಸರು ಅಳಿಸುತ್ತೇನೆ. ನಾಲ್ಕು ಸಲ ಓದುತ್ತೇನೆ, ಪ್ರತಿ ಸಲವೂ ಒಬ್ಬೊಬ್ಬರಾಗಿ. ಅಂದರೆ ಅಕೌಂಟ್ಸ್ ಮ್ಯಾನೇಜರ್ ಆಗಿ, ನನಗೆ ಬಂದದ್ದನ್ನಲ್ಲ, ಉಳಿದ ಮೂವರಿಗೆ ಬಂದದ್ದನ್ನು ಓದುತ್ತೇನೆ. ಎಲ್ಲಿ ಮುಖ ಕೆಂಪಾಗುತ್ತದೋ ಆ ಸಾಲು ತಿದ್ದುತ್ತೇನೆ. ನಾಲ್ಕು ಚಿಕ್ಕ ಇಮೇಲಿಗೆ ಹತ್ತು ನಿಮಿಷದ ಕೆಲಸ. ಸಿಎಫ್‌ಒಗೆ ಬರೆದ ಆ ಸಾಲು ಈ ಓದಿನಲ್ಲಿ ಹೀಗಾಗುತ್ತದೆ: "ತಿಂಗಳ ಕೊನೆಗೆ ತಾಳೆಯಾಗದೆ ಉಳಿದ ಬಿಲ್‌ಗಳ ಅಂದಾಜು ಎಂಟ್ರಿ ಎಷ್ಟು ಸಲ ಮುಂದಿನ ತಿಂಗಳು ತಿದ್ದಬೇಕಾಗುತ್ತದೆ?" ಇದು ಸಿಎಫ್‌ಒ ಚಿಂತೆಯೇ. ಅಕೌಂಟ್ಸ್ ಮ್ಯಾನೇಜರ್ ಓದಿದರೂ ಅವರಿಗೆ ಇದರಲ್ಲಿ ಅವಮಾನ ಇಲ್ಲ. ಜನ ಕಡಿಮೆ ಆಗುವ ಮಾತು ನಿಜವಾಗಿಯೂ ಬರಬೇಕಾದರೆ ಎಲ್ಲರೂ ಕೂತಿರುವ ಮೀಟಿಂಗ್‌ನಲ್ಲಿ ಬರಲಿ. ಗುಟ್ಟಾಗಿ ಒಬ್ಬರ ಇಮೇಲಿನಲ್ಲಿ ಬೇಡ.

ಬೆಲೆಯ ವಿಷಯಕ್ಕೆ ಇಷ್ಟೇ ಹೇಳುತ್ತೇನೆ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳಬೇಡಿ. "ಶುರುವಾಗುವ ಬೆಲೆ" ಅಂತ ಒಬ್ಬರಿಗೆ, "ನಿಮ್ಮಂಥ ಕಂಪನಿಗೆ ಸಾಮಾನ್ಯವಾಗಿ ಬೀಳುವ ಬೆಲೆ" ಅಂತ ಇನ್ನೊಬ್ಬರಿಗೆ ಹೇಳಿದರೂ ಅದು ಎರಡು ಬೆಲೆಯೇ.

ಇನ್ನು ಯಾವಾಗ ಕಳಿಸುವುದು. ನಾಲ್ಕೂ ಒಂದೇ ದಿನ ಬೇಡ. ಮೊದಲು ಕೆಲಸಕ್ಕೆ ಹತ್ತಿರ ಇರುವವರಿಗೆ, ಇಲ್ಲಿ ಅಕೌಂಟ್ಸ್ ಮ್ಯಾನೇಜರ್‌ಗೆ, ಮಂಗಳವಾರ. ಪರ್ಚೇಸ್‌ಗೆ ಗುರುವಾರ. ಸಿಎಫ್‌ಒಗೆ ಮುಂದಿನ ವಾರ. ಐಟಿ ಹೆಡ್‌ಗೆ ಈಗ ಬರೆಯುವುದೇ ಇಲ್ಲ. ಯಾರೂ ಕೇಳದ ಸಾಫ್ಟ್‌ವೇರಿನ ಸೆಕ್ಯುರಿಟಿ ಬಗ್ಗೆ ಅವರು ಯಾಕೆ ಯೋಚಿಸಬೇಕು? ಒಳಗೆ ಒಬ್ಬರಾದರೂ ಮಾತಾಡಲು ಒಪ್ಪಿದ ಮೇಲೆ ಬರೆದರೆ ಆ ಇಮೇಲಿಗೆ ಅರ್ಥ ಬರುತ್ತದೆ. ಮೊದಲೇ ಬರೆದರೆ "ಇದನ್ನು ಯಾರು ತರಿಸಿದ್ದು" ಅಂತ ಅವರು ಸುತ್ತ ಕೇಳುತ್ತಾರೆ. ಯಾರೂ ತರಿಸಿಲ್ಲ ಅಂತ ಗೊತ್ತಾಗುತ್ತದೆ.

ಮೇಲಿನವರಿಗೆ ಮೊದಲು ಬರೆಯುವ ವಾದವೂ ಇದೆ. ಅವರು ಕೆಳಗೆ ಕಳಿಸಿದರೆ ಕೆಲಸ ಬೇಗ ಆಗುತ್ತದೆ ಅನ್ನುತ್ತಾರೆ. ಕೆಲವು ಸಲ ನಿಜ. ಆದರೆ ಮೇಲಿನಿಂದ ಬಂದ ಇಮೇಲ್ ಕೆಳಗಿನವರಿಗೆ ಹೆಚ್ಚುವರಿ ಕೆಲಸ. ಅದರ ಮೇಲೆ ನೀವು ಅವರಿಗೆ ಬೇರೆಯಾಗಿ ಬರೆದ ಇಮೇಲೂ ಇನ್‌ಬಾಕ್ಸ್‌ನಲ್ಲಿ ಕೂತಿದ್ದರೆ, ತಲೆಯ ಮೇಲಿನಿಂದ ಹೋದ ಅಂತಲೇ ಅನ್ನಿಸುತ್ತದೆ. ಕೆಳಗಿನವರು ಉತ್ತರ ಕೊಡಲಿಲ್ಲ ಅಂತ ಮೇಲೆ ಬರೆಯಬೇಕಾಗಿ ಬಂದರೆ, ಅವರಿಗೆ ತಿಳಿಸಿಯೇ ಬರೆಯಿರಿ. "ನಿಮಗೆ ಬಿಡುವಿಲ್ಲ ಅಂತ ಕಾಣುತ್ತದೆ. ತಿಂಗಳ ಕೊನೆಯ ಲೆಕ್ಕದ ಬಗ್ಗೆ ಒಂದು ಪ್ರಶ್ನೆ ಸಿಎಫ್‌ಒ ಅವರಿಗೆ ಸೋಮವಾರ ಕೇಳುತ್ತೇನೆ. ನಿಮ್ಮಿಂದ ಉತ್ತರ ಬಂದಿಲ್ಲ ಅಂತ ಅದರಲ್ಲಿ ಬರೆಯುವುದಿಲ್ಲ." ಕೊನೆಯ ಸಾಲನ್ನು ಹಾಗೇ ಬರೆದು ಕಳಿಸುತ್ತೇನೆ. ಅದನ್ನು ಓದಿದವರು ಅವತ್ತೇ ಉತ್ತರ ಕೊಟ್ಟದ್ದೂ ಇದೆ.

ಈಗ ಅತಿ ಹೆಚ್ಚು ತಪ್ಪಾಗುವ ಜಾಗಕ್ಕೆ ಬರೋಣ. ಮೊದಲ ಇಮೇಲನ್ನು ನಾವು ಆಸ್ಥೆಯಿಂದ ಬರೆಯುತ್ತೇವೆ. ಎರಡನೆಯದನ್ನು, ಮೂರನೆಯದನ್ನು ಟೂಲ್ ಕಳಿಸುತ್ತದೆ. ಟೂಲ್‌ನ ಲೆಕ್ಕ ವ್ಯಕ್ತಿಗೆ. ಒಬ್ಬರಿಗೆ ಮೂರು ಇಮೇಲ್, ಐದು ದಿನದ ಅಂತರ. ಒಬ್ಬರಿಗೆ ಮೂರು ಅನ್ನುವುದು ಜಾಸ್ತಿ ಅನ್ನಿಸುವುದಿಲ್ಲ. ನಾಲ್ಕು ಜನಕ್ಕೆ ಅದು ಹನ್ನೆರಡು. ಎರಡು ವಾರದಲ್ಲಿ ಒಂದೇ ಕಂಪನಿಗೆ ಹನ್ನೆರಡು ಇಮೇಲ್, ಒಬ್ಬನಿಂದ! ಹಾಗಾಗಿ ಲೆಕ್ಕವನ್ನು ಕಂಪನಿಗೆ ಹಿಡಿಯಿರಿ. ನನ್ನ ಮಿತಿ ಒಂದು ಕಂಪನಿಗೆ ವಾರಕ್ಕೆ ಎರಡು, ಯಾರಿಗೆ ಬೇಕಾದರೂ ಆಗಲಿ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ನನ್ನ ಅಂದಾಜು. ಇದರಿಂದ ನಾಲ್ಕು ಜನಕ್ಕೂ ಮೂರು ಮೂರು ಕಳಿಸುವುದು ತಾನಾಗಿಯೇ ನಿಲ್ಲುತ್ತದೆ. ಯಾರಿಗೆ ಎರಡನೆಯದು ಬೇಕು ಅಂತ ಆರಿಸಲೇಬೇಕಾಗುತ್ತದೆ.

ಎರಡನೆಯ ಇಮೇಲಿನಲ್ಲಿ "ನನ್ನ ಹಿಂದಿನ ಇಮೇಲ್ ನೋಡಿದಿರಾ" ಅನ್ನುವುದು ನಾಲ್ಕು ಕಡೆ ಒಂದೇ ಥರ ಕಾಣುವ ಸಾಲು. ಅದರ ಬದಲು ಆ ವ್ಯಕ್ತಿಯ ಪ್ರಶ್ನೆಗೇ ಒಂದು ಹೊಸ ತುಂಡು ಸೇರಿಸಿ. ಪರ್ಚೇಸ್ ಹೆಡ್‌ಗೆ, ಸಪ್ಲೈಯರ್ ತನ್ನ ಬಿಲ್ ಎಲ್ಲಿದೆ ಅಂತ ತಾನೇ ನೋಡುವ ಪುಟದ ಒಂದು ಚಿತ್ರ. ಸೇರಿಸಲು ಏನೂ ಇಲ್ಲದಿದ್ದರೆ ಎರಡನೆಯದು ಬೇಡ.

ಇನ್ನು ಉತ್ತರ ಬಂದಾಗ. ನಮ್ಮ ಕಥೆಯಲ್ಲಿ ಎರಡನೇ ವಾರ ಬುಧವಾರ ಪರ್ಚೇಸ್ ಹೆಡ್ ಉತ್ತರ ಕೊಡುತ್ತಾರೆ: "ಇದು ಅಕೌಂಟ್ಸ್ ತೀರ್ಮಾನ. ಆದರೆ ಸಪ್ಲೈಯರ್ ಫೋನು ತಪ್ಪಿದರೆ ನನಗೆ ಖುಷಿ." ಟೂಲ್ ಅವರಿಗೆ ಹೋಗುವ ಮುಂದಿನ ಇಮೇಲನ್ನು ನಿಲ್ಲಿಸುತ್ತದೆ. ಉಳಿದವರದ್ದನ್ನೂ ನಿಲ್ಲಿಸುತ್ತದೆಯೇ? ಅದನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ನೋಡಿ. ಒಂದು ಡೊಮೇನ್‌ನಿಂದ, ಅಂದರೆ @ ಆದಮೇಲೆ ಅದೇ ಹೆಸರು ಇರುವ ವಿಳಾಸದಿಂದ ಉತ್ತರ ಬಂದರೆ ಆ ಕಂಪನಿಯ ಎಲ್ಲರಿಗೂ ನಿಲ್ಲಲಿ ಅನ್ನುವ ಆಯ್ಕೆ ಕೆಲವು ಟೂಲ್‌ಗಳಲ್ಲಿ ಇರುತ್ತದೆ, ಎಷ್ಟೋ ಸಲ ಆನ್ ಮಾಡಿರುವುದಿಲ್ಲ. ಇದ್ದರೂ ಪೂರ್ತಿ ನಂಬಬೇಡಿ. ಗ್ರೂಪ್ ಕಂಪನಿಗಳಲ್ಲಿ ಸಿಎಫ್‌ಒ ಇಮೇಲ್ ಮುಖ್ಯ ಕಂಪನಿಯ ಡೊಮೇನ್‌ನಲ್ಲಿ, ಉಳಿದವರದು ಅಂಗಸಂಸ್ಥೆಯ ಡೊಮೇನ್‌ನಲ್ಲಿ ಇರಬಹುದು. ಟೂಲ್‌ಗೆ ಅವರು ಎರಡು ಬೇರೆ ಕಂಪನಿ. ಬುಧವಾರ ನೀವು ಪರ್ಚೇಸ್ ಹೆಡ್ ಜತೆ ಚೆನ್ನಾಗಿ ಮಾತಾಡಿರುತ್ತೀರಿ. ಗುರುವಾರ ಬೆಳಗ್ಗೆ ಸಿಎಫ್‌ಒಗೆ "ಇನ್ನೂ ಯಾರಿಂದಲೂ ಉತ್ತರ ಬಂದಿಲ್ಲ" ಅಂತ ಹೋಗುತ್ತದೆ.

ನಿಲ್ಲಿಸಿದ ಮೇಲೆ, ಪರ್ಚೇಸ್ ಹೆಡ್ ಇಮೇಲನ್ನು ಹಾಗೇ ಅಕೌಂಟ್ಸ್‌ಗೆ ಫಾರ್ವರ್ಡ್ ಮಾಡುವ ಆಸೆ ಬರುತ್ತದೆ. ಬೇಡ. ಅದು ಅವರು ನಿಮಗೆ ಬರೆದದ್ದು. "ನಿಮ್ಮ ಮಾತನ್ನು ಅಕೌಂಟ್ಸ್ ಅವರಿಗೆ ತಿಳಿಸಬಹುದೇ, ಅಥವಾ ನೀವೇ ಹೇಳುತ್ತೀರಾ?" ಅಂತ ಒಂದು ಸಾಲು ಕೇಳಿ. ಒಪ್ಪಿದರೆ ಅಕೌಂಟ್ಸ್ ಮ್ಯಾನೇಜರ್‌ಗೆ ಹೊಸದಾಗಿ ಬರೆಯಿರಿ, ಪರ್ಚೇಸ್ ಹೆಡ್ ಅವರನ್ನು ಸಿಸಿಯಲ್ಲಿ ಇಟ್ಟು. ಇಲ್ಲಿಂದ ಮುಂದೆ ಎಲ್ಲ ಒಂದೇ ಥ್ರೆಡ್‌ನಲ್ಲಿ ನಡೆಯಲಿ. ಬೇರೆ ಬೇರೆ ಬರೆಯುವ ಕಾಲ ಮುಗಿಯಿತು.

ಬೇಡ ಅಂದರೆ, ಯಾರ ಪರವಾಗಿ ಬೇಡ ಅಂದರು ಅಂತ ನೋಡಬೇಕು. "ನನಗೆ ಇದು ಬೇಡ" ಅಂದರೆ ಅವರಿಗೆ ಮಾತ್ರ ನಿಲ್ಲಿಸಿ. "ನಮ್ಮಲ್ಲಿ ಈ ವರ್ಷ ಹೊಸದು ಯಾವುದೂ ಇಲ್ಲ" ಅಂದರೆ ಅದು ಕಂಪನಿಯ ಮಾತು. ಎಲ್ಲರಿಗೂ ನಿಲ್ಲಿಸಿ. ಈ ಉತ್ತರ ಬಂದ ಮರುದಿನ ಪಕ್ಕದ ಕುರ್ಚಿಯವರಿಗೆ ಹೊಸ ಇಮೇಲ್ ಹೋದರೆ, ಬೇಡ ಅಂದವರಿಗೆ ಅದು ತಮ್ಮ ಮಾತಿಗೆ ಬೆಲೆ ಇಲ್ಲ ಅಂತ ಕಾಣುತ್ತದೆ. ಯಾವುದು ಅಂತ ಸ್ಪಷ್ಟ ಇಲ್ಲದಿದ್ದರೆ ಎರಡನೆಯದು ಅಂತಲೇ ಹಿಡಿಯಿರಿ.

ಮಾತು ಮುಗಿದ ಮೇಲೆ ಒಬ್ಬರು ಒಂದು ಪ್ರಶ್ನೆ ಕೇಳಿದರು. ಬರಹದಲ್ಲಿ ಅದನ್ನೂ ಸೇರಿಸುತ್ತಿದ್ದೇನೆ. "ಸರ್, ನನ್ನ ಇಮೇಲ್ ಸರಿಯಾಗೇ ಇತ್ತು. ಆದರೆ ನಮ್ಮದೇ ಆಫೀಸಿನ ಇನ್ನೊಬ್ಬರು ಅದೇ ಕಂಪನಿಯ ಬೇರೆಯವರಿಗೆ ಬರೆದಿದ್ದರು. ಅವರು ಎರಡನ್ನೂ ಇಟ್ಟುಕೊಂಡು ಕೇಳಿದರು. ಏನು ಹೇಳಬೇಕಿತ್ತು?"

ನೀವು ಏನು ಹೇಳಿದಿರಿ ಅಂತ ಕೇಳಿದೆ. "ಅದು ಬೇರೆ ತಂಡ, ನನಗೆ ಗೊತ್ತಿಲ್ಲ ಅಂದೆ" ಅಂದರು.

ಅವರಿಗೆ ನಿಮ್ಮಲ್ಲಿ ಎಷ್ಟು ತಂಡ ಇವೆ ಅನ್ನುವುದು ಬೇಕಾಗಿಲ್ಲ. ಅವರಿಗೆ ಬಂದದ್ದು ಒಂದೇ ಕಂಪನಿಯಿಂದ ಎರಡು ಇಮೇಲ್. ಅವತ್ತೇ ಹೀಗೆ ಬರೆಯಬಹುದಿತ್ತು: "ನಮ್ಮಿಬ್ಬರ ಇಮೇಲೂ ನಮ್ಮ ಕಂಪನಿಯದೇ. ಒಬ್ಬರನ್ನೊಬ್ಬರು ಕೇಳದೆ ಬರೆದದ್ದು ನಮ್ಮ ತಪ್ಪು. ಇನ್ನು ಮುಂದೆ ನಾನೊಬ್ಬನೇ ಬರೆಯುತ್ತೇನೆ. ಅವರು ಕೇಳಿದ ಪ್ರಶ್ನೆ ನಿಮಗೆ ಉಪಯೋಗ ಅನ್ನಿಸಿದರೆ ಅದಕ್ಕೂ ನಾನೇ ಉತ್ತರ ತರುತ್ತೇನೆ." ಆಮೇಲೆ ಆಫೀಸಿನಲ್ಲಿ ಆ ಇನ್ನೊಬ್ಬರ ಹತ್ತಿರ ಹೋಗಿ, ಗ್ರಾಹಕರ ಪಟ್ಟಿ ಇಡುವ ಸಿಆರ್‌ಎಂನಲ್ಲಿ ಆ ಕಂಪನಿಯ ಮುಂದೆ ಯಾರ ಹೆಸರು ಇರಬೇಕು ಅಂತ ಮಾತಾಡಿ ಬರೆದುಬಿಡಿ.

"ಅವರು ನನಗಿಂತ ಸೀನಿಯರ್" ಅಂದರು.

ಹಾಗಾದರೆ ಅವರ ಹೆಸರೇ ಇರಲಿ. ನಿಮ್ಮ ಇಮೇಲನ್ನು ಅವರಿಗೆ ಕೊಟ್ಟು, ನೀವು ಸುಮ್ಮನಿರಿ.